ತಿಂಗಳ ಕೊನೆಯಲ್ಲಿ ಹದಿನಾರು ಸಾವಿರವಿದ್ದರೂ ಮಿನಿಮಮ್ ಬ್ಯಾಲೆನ್ಸ್ ದಂಡ ಬೀಳುತ್ತದೆ: ಸಂಬಳದ ಖಾತೆ ಉಳಿಸಿಕೊಂಡವರು ಗಮನಿಸಿ

ಕೆಲಸ ಬದಲಿಸಿದ ಮೇಲೆ ಹಳೆಯ ಸಂಬಳದ ಖಾತೆಯನ್ನು ಹಾಗೆಯೇ ಉಳಿಸಿಕೊಂಡಿರುವವರು ದಯವಿಟ್ಟು ಇದನ್ನು ಓದಿ. ಸಂಬಳ ಜಮೆಯಾಗುವುದು ನಿಂತು ಕೆಲವು ತಿಂಗಳು ಕಳೆದರೆ ಬ್ಯಾಂಕುಗಳು ಅಂಥ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸುತ್ತವೆ, ಅಲ್ಲಿಯವರೆಗೆ ಇಲ್ಲದಿದ್ದ ಮಿನಿಮಮ್ ಬ್ಯಾಲೆನ್ಸ್ ನಿಯಮ ಹಲವು ಬ್ಯಾಂಕುಗಳಲ್ಲಿ ಆಗ ಅನ್ವಯವಾಗುತ್ತದೆ. ನನ್ನ ಖಾತೆ ಹೀಗೆ ಬದಲಾದಾಗ ಬ್ಯಾಂಕಿನಿಂದ ಬಂದ ಸಂದೇಶದಲ್ಲಿ ಹತ್ತು ಸಾವಿರ ರೂಪಾಯಿ ಕಾಯ್ದುಕೊಳ್ಳಬೇಕು ಎಂದಷ್ಟೇ ಇತ್ತು. ಖಾತೆಯಲ್ಲಿ 4,000 ರೂಪಾಯಿ ಇತ್ತು. ಜೂನ್ 21ರಂದು ಇನ್ನೂ 12,000 ಹಾಕಿದೆ. ತಿಂಗಳು ಮುಗಿದಾಗ 16,000 ಇದ್ದರೂ ಜುಲೈ ಮೊದಲ ವಾರದಲ್ಲಿ 141 ರೂಪಾಯಿ 60 ಪೈಸೆ ಕಡಿತವಾಯಿತು.

ಶಾಖೆಯಲ್ಲಿ ವಿಚಾರಿಸಿದಾಗ "ಸಿಸ್ಟಮ್ಮೇ ಕಟ್ ಮಾಡುತ್ತದೆ ಸರ್, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂಬ ಉತ್ತರ ಸಿಕ್ಕಿತು. ಸಿಸ್ಟಮ್ ಏನು ಲೆಕ್ಕ ಮಾಡಿತು ಎಂಬುದನ್ನು ಯಾರೂ ವಿವರಿಸಲಿಲ್ಲವಾದ್ದರಿಂದ ಸ್ಟೇಟ್‌ಮೆಂಟ್ ಮತ್ತು ಶುಲ್ಕದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನಾನೇ ಬಿಡಿಸಿ ನೋಡಿದೆ.

ಮಿನಿಮಮ್ ಬ್ಯಾಲೆನ್ಸ್ ಕೇಳುವ ಬಹುತೇಕ ಬ್ಯಾಂಕುಗಳು ನೋಡುವುದು ಮಾಸಿಕ ಸರಾಸರಿಯನ್ನು. ಪ್ರತಿ ದಿನದ ವಹಿವಾಟು ಮುಗಿದಾಗ ಖಾತೆಯಲ್ಲಿ ಉಳಿಯುವ ಶಿಲ್ಕನ್ನು ರಜಾದಿನಗಳೂ ಸೇರಿದಂತೆ ಇಡೀ ತಿಂಗಳಿಗೆ ಕೂಡಿಸಿ, ಬಂದ ಮೊತ್ತವನ್ನು ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಬೆಳಿಗ್ಗೆ ಹಾಕಿ ಸಂಜೆಗೆ ತೆಗೆದ ಹಣ ಈ ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನ ಖಾತೆಯಲ್ಲಿ ಮೊದಲ 20 ದಿನ ತಲಾ 4,000 ಇದ್ದದ್ದರಿಂದ 80,000, ಕೊನೆಯ 10 ದಿನ ತಲಾ 16,000 ಇದ್ದದ್ದರಿಂದ 1,60,000, ಒಟ್ಟು 2,40,000 ಆಯಿತು. ಅದನ್ನು 30ರಿಂದ ಭಾಗಿಸಿದರೆ ಸರಾಸರಿ 8,000. ಅಂದರೆ ಕೊರತೆ 2,000 ರೂಪಾಯಿ. ಈ ಬ್ಯಾಂಕಿನ ದಂಡ ಕೊರತೆಯ ಶೇಕಡಾ 6, ಅಂದರೆ 120 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 21 ರೂಪಾಯಿ 60 ಪೈಸೆ. ಶೇಕಡಾವಾರು ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದರೂ ಲೆಕ್ಕದ ದಾರಿ ಹೆಚ್ಚುಕಡಿಮೆ ಇದೇ.

ತಿಂಗಳ ಮಧ್ಯೆ ಹಣ ಹಾಕುವವರು ಈ ಲೆಕ್ಕವನ್ನು ತಿರುಗಿಸಿ ಮಾಡಿಕೊಳ್ಳಬೇಕು. ಹತ್ತು ಸಾವಿರದ ಸರಾಸರಿಗೆ 30 ದಿನದ ತಿಂಗಳಲ್ಲಿ ಒಟ್ಟು 3,00,000 ಕೂಡಿಬರಬೇಕು. 20ನೇ ತಾರೀಖಿನವರೆಗೆ ನನ್ನಲ್ಲಿ ಕೂಡಿದ್ದದ್ದು 80,000 ಮಾತ್ರ. ಉಳಿದ 2,20,000ವನ್ನು ಹತ್ತು ದಿನದಲ್ಲಿ ತುಂಬಲು ದಿನಕ್ಕೆ 22,000 ಇರಬೇಕಿತ್ತು, ಅಂದರೆ 21ರಂದು 18,000 ಜಮೆ ಮಾಡಬೇಕಿತ್ತು. ಅದೇ ಕೊನೆಯ ದಿನದವರೆಗೆ ಕಾದಿದ್ದರೆ ಆ ಒಂದು ದಿನ ಖಾತೆಯಲ್ಲಿ 1,84,000 ಇರಬೇಕಾಗುತ್ತಿತ್ತು! ತಡವಾದಷ್ಟೂ ಬೇಕಾಗುವ ಮೊತ್ತ ಹೀಗೆ ಏರುತ್ತದೆ ಎಂಬುದನ್ನು ಆ ಸಂದೇಶದಲ್ಲಿ ಒಂದು ಸಾಲಿನಲ್ಲಾದರೂ ತಿಳಿಸಬಹುದಿತ್ತು ಎಂಬ ಬೇಸರ ನನಗೆ ಇನ್ನೂ ಇದೆ.

ಲೆಕ್ಕ ಸರಿಯಾಗಿದ್ದರೂ ನನ್ನ ವಿಷಯದಲ್ಲಿ ಕಡಿತ ಸರಿಯಾಗಿರಲಿಲ್ಲ. ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸೂಚನೆಯ ಪ್ರಕಾರ, ಶಿಲ್ಕು ಕಡಿಮೆಯಾದಾಗ ಬ್ಯಾಂಕು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು, ಆ ನೋಟಿಸಿನ ನಂತರ ಕನಿಷ್ಠ ಒಂದು ತಿಂಗಳ ಕಾಲಾವಕಾಶ ಕೊಡಬೇಕು, ಆಗಲೂ ಶಿಲ್ಕು ಸರಿಹೋಗದಿದ್ದರೆ ಮಾತ್ರ ದಂಡ ಹಾಕಬೇಕು. ದಂಡವು ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು, ಈ ದಂಡವೊಂದರಿಂದಲೇ ಖಾತೆ ಮೈನಸ್‌ಗೆ ಹೋಗಬಾರದು ಎಂಬುದೂ ಅದರಲ್ಲಿದೆ. ಖಾತೆಯ ಬಗೆ ಬದಲಾಗಿದೆ ಎಂಬ ಸಂದೇಶ ಕೊರತೆಯ ನೋಟಿಸ್ ಅಲ್ಲ. ನನಗೆ ಕೊರತೆಯ ನೋಟಿಸ್ ಬಂದೇ ಇರಲಿಲ್ಲ.

ಇದನ್ನೇ ಬರೆದು, ಸ್ಟೇಟ್‌ಮೆಂಟಿನ ಪ್ರತಿಯೊಂದಿಗೆ ಶಾಖಾ ವ್ಯವಸ್ಥಾಪಕರಿಗೆ ದೂರು ಕೊಟ್ಟು ಸ್ವೀಕೃತಿ ಪಡೆದೆ. ಬಾಯಿಮಾತಿಗೆ ಸಿಗದ ಉತ್ತರ ಕಾಗದಕ್ಕೆ ಸಿಕ್ಕಿತು, ಜಿಎಸ್‌ಟಿ ಸಹಿತ ಹಣ ವಾಪಸ್ ಬಂತು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಒಪ್ಪುವಂಥ ಉತ್ತರ ಕೊಡದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ಆದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟಿರಬೇಕು.

ಖಾತೆಯಲ್ಲಿ ಅಷ್ಟು ಹಣ ಇಡಲಾಗದವರು ಅದನ್ನು ಬೇಸಿಕ್ ಉಳಿತಾಯ ಖಾತೆಯಾಗಿ ಪರಿವರ್ತಿಸಿ ಎಂದು ಶಾಖೆಯಲ್ಲಿ ಅರ್ಜಿ ಕೊಡಬಹುದು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ತಿಂಗಳಿಗೆ ಉಚಿತವಾಗಿ ಹಣ ತೆಗೆಯುವುದಕ್ಕೆ ಮಿತಿ ಇರಬಹುದು, ಜೊತೆಗೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ.