ನೀಮಾ 17 ಸ್ಟೆಪ್ಪರ್: ಮಳೆಗಾಲಗಳನ್ನು ಕಂಡ ಮೇಲೆ ಬರೆಯುತ್ತಿರುವ ವಿಮರ್ಶೆ, ಜೊತೆಗೆ ಸರ್ವೋ ಯಾರಿಗೆ ಬೇಕು ಅನ್ನೋದೂ

ಶಿರಸಿಯಲ್ಲಿ ನಮ್ಮದು ಸಣ್ಣ ನೇಮ್‌ಪ್ಲೇಟ್ ಅಂಗಡಿ. ಅಣ್ಣನ ಮಗ ಕಾರವಾರದಲ್ಲಿ ಓದುವಾಗ ಮೆಕಾಟ್ರಾನಿಕ್ಸ್ ಪ್ರಾಜೆಕ್ಟಿಗೆ ಅಂತ ಮಾಡಿದ ಪೆನ್ ಪ್ಲಾಟರ್ ಈಗ ಅಂಗಡಿಯಲ್ಲೇ ದುಡಿಯುತ್ತಿದೆ. ಲಗ್ನಪತ್ರಿಕೆ ಕವರ್ ಮೇಲೆ ಹೆಸರು ಬರೆಯೋದು ಅದರ ಕೆಲಸ. ಪಕ್ಕದಲ್ಲಿ ಮರ ಕೊರೆಯುವ ಸಣ್ಣ ಮಿಲ್ಲಿಂಗ್ ಮಷೀನ್ ಇದೆ. ಎರಡಕ್ಕೂ ಮೊದಲು ಹಾಕಿದ್ದು ಸಾದಾ ನೀಮಾ 17 ಸ್ಟೆಪ್ಪರ್, ಅಂದರೆ 42 ಮಿ.ಮೀ. ಚೌಕದ, ಒಂದು ಸುತ್ತಿಗೆ 200 ಹೆಜ್ಜೆ ಹಾಕುವ ಮೋಟರ್. ಆಮೇಲೆ ಎನ್‌ಕೋಡರ್, ಅಂದರೆ ಶಾಫ್ಟ್ ಎಷ್ಟು ತಿರುಗಿತು ಅಂತ ನೋಡಿ ಹೇಳುವ ಭಾಗ, ಇರುವ ಸಣ್ಣ ಸರ್ವೋವನ್ನೂ ಎರಡರಲ್ಲೂ ಹಾಕಿ ದುಡಿಸಿ ನೋಡಿದ್ದೇವೆ.

ಹುಡುಗನ ವಾದ ಶುರುವಿನಿಂದಲೂ ಒಂದೇ. "ಚಿಕ್ಕಪ್ಪ, ಸರ್ವೋ ಹಾಕಿದ್ರೆ ಸ್ಪೀಡ್ ಜಾಸ್ತಿ ಸಿಗುತ್ತೆ, ಸ್ಟೆಪ್ಪರ್ ಸ್ಪೀಡಲ್ಲಿ ಕೈ ಕೊಡುತ್ತೆ." ಮಾತು ಸುಳ್ಳಲ್ಲ, ವೇಗ ಏರಿದ ಹಾಗೆ ಸ್ಟೆಪ್ಪರಿನ ಬಲ ಇಳಿಯುತ್ತಾ ಹೋಗುತ್ತದೆ. ಆದರೆ ಅಕ್ಷರ ಬರೆಯುವಾಗ ಆ ವೇಗ ಎಲ್ಲಿಂದ ಬರಬೇಕು? ನಮ್ಮ ಮಷೀನಿನಲ್ಲಿ ಆಕ್ಸಿಲರೇಶನ್ ಸೆಕೆಂಡಿಗೆ ಸೆಕೆಂಡಿಗೆ 500 ಮಿ.ಮೀ. ಇದೆ. 5 ಮಿ.ಮೀ. ಉದ್ದದ ಒಂದು ಗೆರೆ ಅಂದುಕೊಳ್ಳಿ. ಅರ್ಧ ದಾರಿ ವೇಗ ಏರಿಸಬೇಕು, ಇನ್ನರ್ಧ ಇಳಿಸಬೇಕು. ಲೆಕ್ಕ ಹಾಕಿದರೆ ನಡುವಲ್ಲಿ ಸಿಗುವ ಗರಿಷ್ಠ ವೇಗ ಸೆಕೆಂಡಿಗೆ 50 ಮಿ.ಮೀ., ಅಷ್ಟೇ. 20 ಹಲ್ಲಿನ ಪುಲ್ಲಿ, 2 ಮಿ.ಮೀ. ಪಿಚ್ಚಿನ ಬೆಲ್ಟ್ ಆದ್ದರಿಂದ ಒಂದು ಸುತ್ತಿಗೆ 40 ಮಿ.ಮೀ. ಹೋಗುತ್ತದೆ. ಅಂದರೆ ಮೋಟರ್ ತಿರುಗೋದು ನಿಮಿಷಕ್ಕೆ 75 ಸುತ್ತು. ಇದು ಸ್ಟೆಪ್ಪರಿಗೆ ಆರಾಮದ ಜಾಗ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿ ಕನ್ನಡದ ಹೆಸರಿನಲ್ಲಿ ಉದ್ದ ಗೆರೆ ಇರೋದೇ ಅಪರೂಪ, ಹಾಗಾಗಿ ಸರ್ವೋ ಹಾಕಿದಾಗಲೂ ಕವರ್ ಮುಗಿಯುವ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನು ಸ್ಟೆಪ್ಪರಿನ ನಿಜವಾದ ಕುಂದು. ಹೆಜ್ಜೆ ತಪ್ಪಿದರೆ ಅದಕ್ಕೆ ಗೊತ್ತೇ ಆಗೋದಿಲ್ಲ. ಬೆಲ್ಟಿಗೆ ಏನೋ ಅಡ್ಡ ಬಂತು, ಮೋಟರ್ ಜಾರಿತು, ಕಂಟ್ರೋಲರ್ ಮಾತ್ರ ಎಲ್ಲ ಸರಿ ಇದೆ ಅಂದುಕೊಂಡು ಮುಂದೆ ಬರೆಯುತ್ತಾ ಹೋಗುತ್ತದೆ. ಅರ್ಧ ಹೆಸರು ಒಂದು ಸಾಲಲ್ಲಿ, ಉಳಿದರ್ಧ ಸ್ವಲ್ಪ ಮೇಲೆ.

ಆದರೆ ಇಲ್ಲೊಂದು ಗುಟ್ಟಿದೆ, ನಮಗೆ ತುಂಬ ಉಪಯೋಗಕ್ಕೆ ಬಂದಿದ್ದು. ಸ್ಟೆಪ್ಪರ್ ಮನಸ್ಸಿಗೆ ಬಂದಷ್ಟು ಜಾರೋದಿಲ್ಲ. ಅದರ ಕಾಯಿಲ್‌ಗಳ ಕರೆಂಟ್ ನಾಲ್ಕು ಹೆಜ್ಜೆಗೊಮ್ಮೆ ಮೊದಲಿನ ಸ್ಥಿತಿಗೇ ಬರುತ್ತದೆ, ಹಾಗಾಗಿ ಜಾರಿದ ರೋಟರ್ ಮತ್ತೆ ಕಚ್ಚಿಕೊಳ್ಳೋದು ನಾಲ್ಕರ ಲೆಕ್ಕದಲ್ಲೇ. ನಾಲ್ಕು ಹೆಜ್ಜೆ ಅಂದರೆ ಸುತ್ತಿನ ಐವತ್ತನೇ ಒಂದು ಭಾಗ. ನಮ್ಮ ಪ್ಲಾಟರಿನಲ್ಲಿ ಅದು 40 ಭಾಗಿಸು 50, ಅಂದರೆ 0.8 ಮಿ.ಮೀ. ಈಗ ಹೀಗೆ ಮಾಡಿ: ಸೊನ್ನೆಯಲ್ಲಿ ಒಂದು ಚುಕ್ಕೆ ಇಡಿಸಿ, ಇಡೀ ಕೆಲಸ ಓಡಿಸಿ, ವಾಪಸ್ ಸೊನ್ನೆಗೆ ಕರೆಸಿ ಮತ್ತೊಂದು ಚುಕ್ಕೆ ಇಡಿಸಿ. ಎರಡರ ನಡುವಿನ ಅಂತರವನ್ನು ಎಕ್ಸ್, ವೈ ಬೇರೆ ಬೇರೆಯಾಗಿ ಅಳೆಯಿರಿ. 0.8, 1.6, 2.4 ಹೀಗೆ ಬಂದರೆ ಮೋಟರ್ ಹೆಜ್ಜೆ ತಪ್ಪಿದೆ. ಸರಿಯಾಗಿ 2 ಅಥವಾ 6 ಬಂದರೆ ಬೆಲ್ಟ್ ಹಲ್ಲು ಹಾರಿದೆ, ಬಿಗಿ ಮಾಡಬೇಕು. 4 ಬಂದರೆ ಎರಡೂ ಲೆಕ್ಕಕ್ಕೆ ಕೂರುತ್ತದೆ, ಇನ್ನೊಮ್ಮೆ ಓಡಿಸಿ ನೋಡಬೇಕು. ಯಾವ ಲೆಕ್ಕಕ್ಕೂ ಕೂರದೆ ಪ್ರತಿ ಸಲ ಬೇರೆ ಬೇರೆ ಬಂದರೆ ಮೊದಲು ಗ್ರಬ್ ಸ್ಕ್ರೂ, ಅಂದರೆ ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಸಣ್ಣ ತಿರುಪು, ನೋಡಿ.

ಒಂದು ಸಲ ನಮ್ಮ ಎಕ್ಸ್‌ನಲ್ಲಿ 1.3ರಷ್ಟು ಬಂತು, ಮುಂದಿನ ಕವರಿನಲ್ಲಿ 0.5. ಹುಡುಗ ಆಗಲೇ ಸರ್ವೋ ಸರ್ವೋ ಅಂತ ಕುಣಿಯುತ್ತಿದ್ದ. ಶಾಫ್ಟಿಗೂ ಪುಲ್ಲಿಗೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ಓಡಿಸಿದೆವು. ಗೆರೆ ಎರಡು ತುಂಡಾಯಿತು! ಗ್ರಬ್ ಸ್ಕ್ರೂ ಸಡಿಲ. ಇಲ್ಲಿ ಸರ್ವೋ ಹಾಕಿದ್ದರೂ ಏನೂ ಉಪಯೋಗ ಇರಲಿಲ್ಲ, ಯಾಕಂದರೆ ಎನ್‌ಕೋಡರ್ ಇರೋದು ಮೋಟರಿನ ಬೆನ್ನಿಗೆ. ಶಾಫ್ಟ್ ತಿರುಗಿದ್ದು ಅದಕ್ಕೆ ಕಾಣುತ್ತದೆ, ಪುಲ್ಲಿ ಜಾರಿದ್ದು ಕಾಣೋದಿಲ್ಲ. ಮಿಲ್ಲಿಂಗ್ ಮಷೀನಿನ ಲೀಡ್ ಸ್ಕ್ರೂವಿನ ಆಟವೂ, ಅಂದರೆ ಸ್ಕ್ರೂಗೂ ನಟ್ಟಿಗೂ ನಡುವಿನ ಸಡಿಲವೂ, ಅಷ್ಟೇ.

ಪ್ಲಾಟರಿನಲ್ಲಿ ನಾವು ಬದಲಿಸಿದ್ದು ಒಂದೇ ಸೆಟ್ಟಿಂಗ್:

```
$1=255
```

ಕಂಟ್ರೋಲರಿನಲ್ಲಿ ಓಡುವ ತಂತ್ರಾಂಶ ಜಿಆರ್‌ಬಿಎಲ್, ಅದು ತಾನಾಗಿ ಇಟ್ಟಿರೋದು 25, ಅಂದರೆ ನಿಂತ 25 ಮಿಲಿಸೆಕೆಂಡಿಗೆ ಮೋಟರಿನ ಹಿಡಿತ ಬಿಟ್ಟುಬಿಡುತ್ತದೆ. ಕವರ್ ಬದಲಿಸುವಾಗ ಕೈ ತಾಗಿದರೆ ಪೆನ್ ಹೊತ್ತ ಗಾಡಿ ಸರಿದು ಹೋಗುತ್ತದೆ. 255 ಇಟ್ಟರೆ ಹಿಡಿದೇ ಇರುತ್ತದೆ, ಆದರೆ ಸುಮ್ನೆ ನಿಂತಾಗಲೂ ಪೂರ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಡ್ರೈವರಿನಲ್ಲಿ ಕರೆಂಟನ್ನು 1 ಆಂಪಿಯರ್ ಆಸುಪಾಸಿಗೆ ಇಳಿಸಿದ್ದೇವೆ. ಪೆನ್ನಿಗೆ ಅಷ್ಟು ಸಾಕು.

ಇದೇ ಪ್ಲಾಟರಿಗೆ ಸರ್ವೋ ಹಾಕಿದಾಗ ಆದ ಕಿರಿಕಿರಿ ಬೇರೆಯದೇ. ಬೆಲ್ಟ್ ಸ್ವಲ್ಪ ಹಿಗ್ಗುತ್ತದಲ್ವಾ, ಗೇನ್, ಅಂದರೆ ತಪ್ಪಿದ ಜಾಗವನ್ನು ಸರಿಪಡಿಸೋಕೆ ಸರ್ವೋ ಹಾಕುವ ಜೋರು, ಜಾಸ್ತಿ ಇಟ್ಟರೆ ನಿಂತ ಜಾಗದಲ್ಲೇ ಗುಂಯ್ ಅಂತ ನಡುಗುತ್ತಾ ಇರುತ್ತದೆ, ಪೆನ್ ತಾಗಿದಲ್ಲಿ ಶಾಯಿ ಹರಡಿ ಬೊಟ್ಟು. ಕಮ್ಮಿ ಮಾಡಿದರೆ ಆದೇಶಕ್ಕಿಂತ ಹಿಂದೆ ಬೀಳುತ್ತದೆ, ಚೂಪಾದ ಮೂಲೆಗಳು ದುಂಡಗಾಗುತ್ತವೆ. ಟ್ಯೂನ್ ಮಾಡಿ ಒಂದು ಹದಕ್ಕೆ ತಂದೆವು. ಆದರೂ ಸ್ಟೆಪ್ಪರ್ ಸುಮ್ನೆ ಮಾಡುತ್ತಿದ್ದ ಕೆಲಸಕ್ಕೆ ಇಷ್ಟು ಒದ್ದಾಟ ಯಾಕೆ ಅನ್ನಿಸಿ ಬಿಚ್ಚಿಟ್ಟೆ. ಪೆನ್ ಎತ್ತಿ ಇಳಿಸೋಕೆ ಮಾತ್ರ ಆಟಿಕೆಯ ಸಣ್ಣ ಸರ್ವೋ ಇದೆ, ಎಸ್‌ಜಿ90. ಅದನ್ನೇ ಎಕ್ಸ್-ವೈಗೆ ಹಾಕುತ್ತೇನೆ ಅನ್ನೋರಿಗೆ ಒಂದು ಮಾತು: ಅದು ತಿರುಗೋದೇ ಸುಮಾರು ಅರ್ಧ ಸುತ್ತು, ಗಿಯರಿನ ಆಟ ಬೇರೆ.

ಮಿಲ್ಲಿಂಗ್ ಮಷೀನಿನಲ್ಲಿ ಕಥೆ ತಿರುಗುಮುರುಗು. ತೇಗದ ಹಲಗೆಯಲ್ಲಿ ಗಂಟು ಬಂದರೆ ಬಿಟ್ ಕಚ್ಚುತ್ತದೆ, ಸ್ಟೆಪ್ಪರ್ ಕಟಕಟ ಅನ್ನುತ್ತದೆ. ಇಲ್ಲಿ ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಹೋಗೋದರಿಂದ ಒಂದು ಸಲ ಜಾರಿದರೆ ತಪ್ಪೋದು 0.08 ಮಿ.ಮೀ. ಮಾತ್ರ, ಆದರೆ ಕಟಕಟ ಅಂದಷ್ಟೂ ಅದು ಕೂಡುತ್ತಾ ಹೋಗುತ್ತದೆ. ಕವರ್ ಹಾಳಾದರೆ ಇನ್ನೊಂದು ಕವರ್. ಮುಕ್ಕಾಲು ಕೊರೆದ ತೇಗ ಹಾಳಾದರೆ ಗಿರಾಕಿಗೆ ಏನು ಹೇಳೋದು? ಅದಕ್ಕೇ ಇಲ್ಲಿ ಸರ್ವೋ ಉಳಿಸಿಕೊಂಡೆವು. ಬಲ ಜಾಸ್ತಿ ಅಂತಲ್ಲ, ನಿಲ್ಲಿಸೋಕೆ ಗೊತ್ತಿದೆ ಅಂತ. ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ನಾವು ಇಟ್ಟ ಮಿತಿಗಿಂತ ಅಂತರ ಬಿದ್ದರೆ ಡ್ರೈವ್ ಅಲಾರಂ ಕೊಡುತ್ತದೆ. ಆ ತಂತಿಯನ್ನು ಆರ್ಡುಯಿನೋ ಉನೋದ A0ಗೆ, ಅಂದರೆ ಜಿಆರ್‌ಬಿಎಲ್ ರೀಸೆಟ್ ಪಿನ್ನಿಗೆ ಕೊಟ್ಟಿದ್ದೇವೆ, ಅಲಾರಂ ಬಂದಾಗ ಗ್ರೌಂಡಿಗೆ ಸೇರುವ ಹಾಗೆ. ಪರದೆಯಲ್ಲಿ `ALARM:3` ಬಂದು ಗಾಡಿ ನಿಲ್ಲುತ್ತದೆ. ಸ್ಪಿಂಡಲ್ ಎತ್ತಿ, ಮತ್ತೆ ಸೊನ್ನೆ ಹಿಡಿದು, ನಿಂತ ಸಾಲಿನಿಂದ ಓಡಿಸಿದರೆ ಹಲಗೆ ಉಳಿಯುತ್ತದೆ. ಈ ತಂತಿ ಎಳೆಯದೆ ಸರ್ವೋ ಹಾಕಿದವರು ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ, ಒಂದು ಆಕ್ಸಿಸ್ ನಿಂತರೂ ಉಳಿದವು ಕೊರೆಯುತ್ತಲೇ ಹೋಗುತ್ತವೆ.

ಕರೆಂಟ್ ಹೋದರೆ ಮಾತ್ರ ಎರಡೂ ಒಂದೇ. ನಮ್ಮ ಸರ್ವೋದಲ್ಲಿರೋದು ಇನ್‌ಕ್ರಿಮೆಂಟಲ್ ಎನ್‌ಕೋಡರ್, ಕರೆಂಟ್ ಬಂದಾಗ ತಾನೆಲ್ಲಿದ್ದೆ ಅನ್ನೋದು ಅದಕ್ಕೂ ನೆನಪಿಲ್ಲ. ಆಷಾಢದಲ್ಲಿ ಶಿರಸಿಯ ಲೈನ್ ಹೇಗಿರುತ್ತೆ ಅಂತ ಗೊತ್ತಿರೋರಿಗೆ ಹೇಳಬೇಕಿಲ್ಲ, ಎರಡು ಮಷೀನಿಗೂ ಯುಪಿಎಸ್ ಇದೆ.

ಕೊನೆಗೆ ಒಂದು ದೂರು, ಮೋಟರಿನ ಮೇಲಲ್ಲ, ಅದರ ಜೊತೆ ಬಂದ ತಂತಿಯ ಮೇಲೆ. ತುದಿಯ ತೆಳ್ಳನೆ ಪಿನ್ನುಗಳು ಮಳೆಗಾಲದ ತೇವಕ್ಕೆ ಕಪ್ಪಾಗುತ್ತವೆ. ಒಂದು ಕಾಯಿಲ್ ಕಡಿದುಹೋದರೆ ಮೋಟರ್ ತಿರುಗದೆ ನಿಂತಲ್ಲೇ ಅದುರುತ್ತದೆ, ನೋಡಿದವರು ಮೋಟರೇ ಸುಟ್ಟಿತು ಅಂದುಕೊಳ್ಳುತ್ತಾರೆ. ಮಲ್ಟಿಮೀಟರಿನಲ್ಲಿ ಎರಡು ಕಾಯಿಲ್ ಅಳೆದು ಓಮ್ ಒಂದೇ ಬಂದರೆ ಮೋಟರ್ ಚೆನ್ನಾಗಿದೆ, ಪಿನ್ ಕತ್ತರಿಸಿ ಸ್ಕ್ರೂ ಟರ್ಮಿನಲ್ ಹಾಕಿ. ಕರೆಂಟ್ ಇರುವಾಗ ಮಾತ್ರ ಆ ತಂತಿ ಕೀಳಬೇಡಿ, ಡ್ರೈವರ್ ಹೋಗುತ್ತದೆ.