ಪಪೇನ್‌ನ ಪಿಎಚ್ ರೇಖೆ: ಹತ್ತು ನಿಮಿಷದ ಓದೋ, ಆರಂಭದ ವೇಗವೋ?

ಪರಂಗಿ ಹಾಲಿನ ಪಪೇನ್ ಕಿಣ್ವದ ಚಟುವಟಿಕೆ ಅಳೆಯಲು ಎರಡು ದಾರಿಗಳಿವೆ. ಹತ್ತು ನಿಮಿಷ ಬಿಟ್ಟು ಆಮ್ಲ ಹಾಕಿ ನಿಲ್ಲಿಸಿ ಬಣ್ಣವನ್ನು ಒಮ್ಮೆ ಓದುವುದು ಒಂದು. ಕ್ಯುವೆಟ್ ಯಂತ್ರದಲ್ಲಿರುವಾಗಲೇ ಮೊದಲ ಒಂದೆರಡು ನಿಮಿಷದ ಏರಿಕೆಯನ್ನು ಗೆರೆಯಾಗಿ ಓದುವುದು ಇನ್ನೊಂದು. ಎರಡಕ್ಕೂ 5 ಮಿಲಿಮೋಲಾರ್ ಸಿಸ್ಟೀನ್, 2 ಮಿಲಿಮೋಲಾರ್ ಇಡಿಟಿಎ ಬೆರೆಸಿ ಕಿಣ್ವವನ್ನು ಮೊದಲೇ ಎಚ್ಚರಿಸಿಕೊಳ್ಳಬೇಕು. ಸಬ್‌ಸ್ಟ್ರೇಟ್ ಬಿಎಪಿಎನ್‌ಎ ಇರಲಿ. ಅದರಿಂದ ಬಿಡುಗಡೆಯಾಗುವ ನೈಟ್ರೋಅನಿಲಿನ್‌ನ ಹಳದಿ ಪಿಎಚ್ 4ರಿಂದ 9ರವರೆಗೆ ಬದಲಾಗದು, 410 ನ್ಯಾನೊಮೀಟರ್‌ನಲ್ಲಿ ಓದಿದರೆ ಸಾಕು. ನೈಟ್ರೋಫಿನೈಲ್ ಎಸ್ಟರ್ ಬಳಸಿದರೆ ಪಿಎಚ್ 7ರ ಕೆಳಗೆ ಬಣ್ಣವೇ ಮಂಕಾಗಿ, ಕಿಣ್ವ ಸುಸ್ತಾದಂತೆ ಕಾಣುತ್ತದೆ.

ತಾಪಮಾನದಲ್ಲಿ ಹತ್ತು ನಿಮಿಷದ ಓದು ದಾರಿ ತಪ್ಪಿಸುತ್ತದೆ. ಬಿಸಿ ಏರಿದಂತೆ ಕ್ರಿಯೆ ಚುರುಕಾಗುತ್ತದೆ, ಕಿಣ್ವ ಹಾಳಾಗುವುದೂ ಚುರುಕಾಗುತ್ತದೆ. ಒಂದೇ ಓದಿನಲ್ಲಿ ಇವೆರಡೂ ಬೆರೆತುಹೋಗುತ್ತವೆ. ಅದೇ ಪ್ರಯೋಗವನ್ನು ಮೂವತ್ತು ನಿಮಿಷ ಮಾಡಿದರೆ ಶಿಖರ ಕೆಳಗಿನ ತಾಪಮಾನಕ್ಕೆ ಜಾರುತ್ತದೆ. ಹಾಗಾಗಿ 'ಅತ್ಯುತ್ತಮ ತಾಪಮಾನ' ಎಂಬುದು ಕಿಣ್ವದ ಗುಣವಷ್ಟೇ ಅಲ್ಲ, ಗಡಿಯಾರದ್ದೂ ಹೌದು. ನೇರ ಗೆರೆ ಓದುವವರಿಗೆ ಗೆರೆ ಬಾಗಿದ ಕೂಡಲೇ ಇದು ತಿಳಿಯುತ್ತದೆ. ಟ್ರಿಸ್ ಬಫರ್ ಬೇಡ: 25 ಡಿಗ್ರಿಯಲ್ಲಿ 8.0 ಇದ್ದದ್ದು 50 ಡಿಗ್ರಿಯಲ್ಲಿ ಸುಮಾರು 7.3ಕ್ಕೆ ಇಳಿಯುತ್ತದೆ.

ಪಿಎಚ್ ರೇಖೆಗೂ ಆರಂಭದ ವೇಗವೇ ನಮ್ಮ ಆಯ್ಕೆ, ಅದೂ 25 ಡಿಗ್ರಿಯಲ್ಲಿ, 0.2 ಮಿಲಿಮೋಲಾರ್ ಸಬ್‌ಸ್ಟ್ರೇಟ್‌ನಲ್ಲಿ. ಇದು Kmಗಿಂತ ಸಾಕಷ್ಟು ಕಡಿಮೆ. ಸಬ್‌ಸ್ಟ್ರೇಟ್ ಅರ್ಧ ಮಾಡಿದರೆ ವೇಗವೂ ಅರ್ಧವಾದರೆ ಖಚಿತ. ಆಗ ವೇಗ kcat/Km ಅನ್ನು ಅನುಸರಿಸುತ್ತದೆ, ಅದರ ತಿರುವುಗಳು ಖಾಲಿ ಕಿಣ್ವದ ಗುಂಪುಗಳವು. ಈ ಸೂತ್ರಕ್ಕೆ ಹೊಂದಿಸಿ, ಇಲ್ಲಿ vmax ಎಂದರೆ ಪಿಎಚ್ ರೇಖೆಯ ಗರಿಷ್ಠ ವೇಗ ಮಾತ್ರ:

```
v = vmax / (1 + 10^(pKa1-pH) + 10^(pH-pKa2))
```

pKa1 4.2, pKa2 8.5 ಎಂದಿಟ್ಟುಕೊಂಡರೆ ಶಿಖರ 6.35ರಲ್ಲಿ ಬರುತ್ತದೆ. 4.2ರಲ್ಲೂ 8.5ರಲ್ಲೂ ವೇಗ ಅರ್ಧ, 3.2ರಲ್ಲಿ ಶೇಕಡಾ 9 ಮಾತ್ರ. ಆದರೆ ಆ ಆಮ್ಲೀಯ ಇಳಿತ ಕಿಣ್ವ ಸತ್ತದ್ದರಿಂದಲೂ ಆಗಬಹುದು. ಹತ್ತು ನಿಮಿಷ ಆ ಪಿಎಚ್‌ನಲ್ಲಿಟ್ಟು 6.5ಕ್ಕೆ ತಂದು ಅಳೆಯಿರಿ. ವೇಗ ಮರಳದಿದ್ದರೆ ಆ ಬಿಂದುವನ್ನು ಕೈಬಿಡಿ.

ಇನ್ನು ಗಂಟೆಯಾಕಾರದ ಅರ್ಥ. ಒಂದು ಗುಂಪು ಪ್ರೋಟಾನ್ ಬಿಟ್ಟಿರಬೇಕು, ಇನ್ನೊಂದು ಹಿಡಿದಿರಬೇಕು. ಪಠ್ಯಪುಸ್ತಕದ ಪಟ್ಟಿ ನೋಡಿದರೆ 4.2 ಯಾವುದೋ ಕಾರ್ಬಾಕ್ಸಿಲ್, 8.5 ಸಿಸ್ಟೀನ್ ಅನ್ನಿಸುತ್ತದೆ. ಪಪೇನ್‌ನಲ್ಲಿ ನಿಜ ಬೇರೆ: 25ನೇ ಸಿಸ್ಟೀನ್ ಆಮ್ಲೀಯ ಬದಿಯಲ್ಲೇ ಪ್ರೋಟಾನ್ ಕಳೆದುಕೊಂಡು, 159ನೇ ಹಿಸ್ಟಿಡೀನ್ 8.5ರವರೆಗೆ ಹಿಡಿದಿಟ್ಟು, ಎರಡೂ ಋಣ-ಧನ ಜೋಡಿಯಾಗಿ ಕೂರುತ್ತವೆ. ಸಿಸ್ಟೀನ್‌ಗೆ ಮೀಥೈಲ್‌ಥಯೋ ಗುಂಪು ಕಟ್ಟಿ ಎನ್‌ಎಂಆರ್‌ನಲ್ಲಿ ನೋಡಿದಾಗ ಹಿಸ್ಟಿಡೀನ್‌ನ ಪಿಕೆಎ 4ರ ಆಸುಪಾಸಿಗೆ ಕುಸಿದದ್ದು ಕಂಡಿತು. ಅಂದರೆ ಅದನ್ನು 8.5ರವರೆಗೆ ಎತ್ತಿ ಹಿಡಿದದ್ದು ಸಿಸ್ಟೀನ್‌ನ ಋಣ ಆವೇಶವೇ.