ಒಂದೇ ಬಿದ್ರಿ ಸಂಚಿಕೆ, ಎರಡು ಕ್ಯಾರೊಸೆಲ್: ಆಡಿದ ಮಾತು ಮತ್ತು ತೆಗೆದ ಸಾರ

ಬೀದರಿನ ಹಿರಿಯ ಬಿದ್ರಿ ಕುಶಲಕರ್ಮಿಯೊಬ್ಬರೊಂದಿಗೆ ನಡೆಸಿದ ನಲವತ್ತು ನಿಮಿಷಗಳ ಪಾಡ್‌ಕಾಸ್ಟ್ ಸಂಚಿಕೆಯಿಂದ ನಾನು ಇನ್‌ಸ್ಟಾಗ್ರಾಮ್‌ಗೆ ಎರಡು ಕ್ಯಾರೊಸೆಲ್ ಸಿದ್ಧಪಡಿಸಿದೆ. ಮೊದಲನೆಯದರಲ್ಲಿ ಅವರು ಆಡಿದ ಮಾತುಗಳನ್ನಷ್ಟೇ ಇಟ್ಟೆ. ಎರಡನೆಯದರಲ್ಲಿ ಸಂಚಿಕೆಯಿಂದ ತಿಳಿಯುವ ಅಂಶಗಳನ್ನು ನನ್ನ ವಾಕ್ಯಗಳಲ್ಲಿ ಬರೆದೆ. ಎರಡಕ್ಕೂ ಏಳು ಸ್ಲೈಡ್, 1080×1350 ಪಿಕ್ಸೆಲ್ ಅಳತೆ.

ಮಾತುಗಳ ಕ್ಯಾರೊಸೆಲ್‌ನ ಮೊದಲ ಸ್ಲೈಡ್, ಬೆಳ್ಳಿ ಕೂರಿಸಿದ ಬಿದ್ರಿ ಲೋಹವನ್ನು ಕಪ್ಪಾಗಿಸಲು ಬಳಸುವ ಕೋಟೆಯ ಮಣ್ಣಿನ ಬಗ್ಗೆ, ಹೀಗಿತ್ತು: “ಕೋಟಿ ಮಣ್ಣು ನಾಲಿಗಿಗಿ ಹಚ್ಚಿ ನೋಡೇ ತರ್ತೀವ್ರಿ.” ಇಷ್ಟು ಓದಿದವರು ಮುಂದಿನ ಸ್ಲೈಡಿಗೆ ಸರಿಯದೆ ಇರಲಾರರು. ತೊಂದರೆ ಎದುರಾದದ್ದು ಮೂರನೆಯ ಸ್ಲೈಡಿನಲ್ಲಿ. “ಅದು ಹಚ್ಚಿದ್ರ ಇದಕ್ಕ ಏನೂ ಆಗಂಗಿಲ್ರಿ” ಎಂಬ ಮಾತು, ಕೇಳುವಾಗ ಸ್ಪಷ್ಟವಾಗಿದ್ದರೂ, ಹಿಂದಿನ ಪ್ರಶ್ನೆಯನ್ನು ಕಳೆದುಕೊಂಡು ಒಂಟಿಯಾಗಿ ನಿಂತಾಗ ಅರ್ಥಹೀನವಾಯಿತು. ‘ಅದು’ ಯಾವುದು, ‘ಇದು’ ಯಾವುದು ಎಂದು ಓದುಗರು ಕಮೆಂಟಿನಲ್ಲಿ ಕೇಳಿದರು. ಇನ್ನೊಂದು ದೀರ್ಘ ಮಾತನ್ನು ಎರಡು ಸ್ಲೈಡಿಗೆ ಹಂಚಿದ್ದೂ ನನ್ನ ತಪ್ಪು. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಗೆ ಬರುವುದರಿಂದ, “ಮಣ್ಣೊಂದರಿಂದ ಕಪ್ಪ ಬಣ್ಣ” ಎಂಬಲ್ಲಿಗೆ ಸ್ಲೈಡ್ ಮುಗಿದು, “ಬರಂಗಿಲ್ರಿ, ನವಸಾಗರನೂ ಬೇಕು” ಎಂಬುದು ಮುಂದಿನದಕ್ಕೆ ಹೋಯಿತು. ಮೊದಲ ಭಾಗವನ್ನಷ್ಟೇ ಶೇರ್ ಮಾಡಿದವರಿಗೆ ತಲುಪಿದ್ದು ಅವರು ಹೇಳಿದ್ದಕ್ಕೆ ತದ್ವಿರುದ್ಧ.

ಸಾರಾಂಶದ ಕ್ಯಾರೊಸೆಲ್‌ನಲ್ಲಿ ಈ ಗೊಂದಲವಿರಲಿಲ್ಲ. ಸತುವು ಹೆಚ್ಚಾಗಿರುವ, ಸ್ವಲ್ಪ ತಾಮ್ರ ಬೆರೆತ ಲೋಹವನ್ನು ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣವು ಕಪ್ಪಾಗಿಸುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುತ್ತದೆ ಎಂಬುದನ್ನು ಒಂದೇ ಸ್ಲೈಡಿನಲ್ಲಿ ಹೇಳಲು ಸಾಧ್ಯವಾಯಿತು. ಆದರೆ ಅದನ್ನು ಆ ಸಂಚಿಕೆಯನ್ನು ಕೇಳದವರೂ ಬರೆಯಬಹುದಿತ್ತು. ಐವತ್ತು ವರ್ಷ ಉಳಿ ಹಿಡಿದ ಕೈಯ ಗುರುತು ಅದರಲ್ಲಿರಲಿಲ್ಲ. ಜನರು ಇದನ್ನು ಸೇವ್ ಮಾಡಿಕೊಂಡರು, ಬೇರೆಯವರಿಗೆ ಕಳುಹಿಸಿದ್ದು ಮೊದಲನೆಯದನ್ನು. ಇನ್ನೂ ಸೂಕ್ಷ್ಮವಾದ ದೋಷವೆಂದರೆ, ಅವರು “ನಮ್ಮ ಮನ್ಯಾಗ ಹಿಂಗ ಮಾಡ್ತೀವ್ರಿ” ಎಂದದ್ದು ನನ್ನ ಬರಹದಲ್ಲಿ “ಹೀಗೆ ಮಾಡಬೇಕು” ಎಂದಾಗಿತ್ತು.

ಆದ್ದರಿಂದ ಈಗ ನಾನು ಒಂದನೆಯ ಮತ್ತು ಐದನೆಯ ಸ್ಲೈಡಿಗೆ ಮಾತು, ಉಳಿದವಕ್ಕೆ ಸಾರ ಎಂದು ಹಂಚುತ್ತೇನೆ. ಮಾತನ್ನು ಆರಿಸುವಾಗ ಅಕ್ಷರಕ್ಕಿಳಿಸಿದ ಪ್ರತಿಯಲ್ಲಿ ನಿಮಿಷವನ್ನು ಗುರುತಿಸಿಕೊಂಡು, ಅದಕ್ಕಿಂತ ಅರ್ಧ ನಿಮಿಷ ಹಿಂದಿನಿಂದ ಧ್ವನಿಯನ್ನು ಮತ್ತೆ ಕೇಳುತ್ತೇನೆ. ಸಂಚಿಕೆ ಕೇಳದ ಒಬ್ಬರಿಗೆ ಆ ಸ್ಲೈಡನ್ನು ತೋರಿಸಿ, ಅವರು ‘ಯಾವುದು?’ ಎಂದು ಕೇಳಿದರೆ ಕೈಬಿಡುತ್ತೇನೆ. ‘ಅಂದ್ರ’, ‘ಅಲ್ರಿ’ಗಳಂತಹ ತಡವರಿಕೆಯನ್ನು ತೆಗೆಯುತ್ತೇನೆಯೇ ಹೊರತು ‘ಆಗಂಗಿಲ್ಲ’ವನ್ನು ‘ಆಗುವುದಿಲ್ಲ’ ಎಂದು ತಿದ್ದುವುದಿಲ್ಲ. ಸಿದ್ಧವಾದ ಸ್ಲೈಡುಗಳನ್ನು ಪ್ರಕಟಿಸುವ ಮೊದಲು ಆ ಹಿರಿಯರ ಮಗನ ವಾಟ್ಸ್ಆ್ಯಪ್‌ಗೆ ಕಳುಹಿಸಿದೆ. ಸಂಜೆ ಅವರು ಓದಿಸಿ ಕೇಳಿ, ನಾಲ್ಕನೆಯದರಲ್ಲಿ ನಾನು ಬರೆದಿದ್ದ ‘ಬೇಯಿಸುತ್ತಾರೆ’ ಎಂಬುದನ್ನು ‘ಕಾಸಿ ಹಚ್ಚುತ್ತಾರೆ’ ಎಂದು ತಿದ್ದಿಸಿದರು.